x ಸಣ್ಣದು ಅಂತ ಮೊದಲೇ ತೀರ್ಮಾನ ಮಾಡಬೇಡಿ

ಸಂಪಾಜೆ ಕಡೆಯ ರಬ್ಬರ್ ತೋಟಗಳಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಲಿ ಅಂತ ನೀರು ಬೆರೆಸಿದ ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಪಿಯು ಮಕ್ಕಳಿಗೆ ಸಮತೋಲನದ ಲೆಕ್ಕ ಹೇಳಿಕೊಡುವಾಗ ನಾನು ಈ ಆಸಿಡನ್ನೇ ತೆಗೆದುಕೊಳ್ಳುತ್ತೇನೆ. "ಕಾಚಂಪುಳಿ ತಗೊಳ್ಳಿ ಸಾರ್" ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಆದರೆ ಕೊಡಗಿನ ಅಡುಗೆಯ ಆ ಹುಳಿಯಲ್ಲಿರುವುದು ಒಂದೇ ಆಸಿಡ್ ಅಲ್ಲ, ಮುಖ್ಯವಾದ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ಡೂ ಮೂರು ಹಂತದಲ್ಲಿ ಪ್ರೋಟಾನ್ ಬಿಡುತ್ತದೆ, ಮೊದಲ ಲೆಕ್ಕಕ್ಕೇ ಅಷ್ಟೊಂದು ತಲೆನೋವು ಯಾಕೆ?

ಫಾರ್ಮಿಕ್ ಆಸಿಡ್ಡಿನ Ka 25 ಡಿಗ್ರಿಯಲ್ಲಿ 1.8 × 10⁻⁴. ಮೊದಲು 0.10 M ದ್ರಾವಣ ನೋಡೋಣ. ಐಸ್ ಟೇಬಲ್ ಅಂದರೆ ಮೂರೇ ಸಾಲು: ಶುರುವಿನಲ್ಲಿ ಎಷ್ಟಿತ್ತು, ಎಷ್ಟು ಬದಲಾಯಿತು, ಕೊನೆಗೆ ಎಷ್ಟು ಉಳಿಯಿತು.

```
        HCOOH    ⇌   H⁺   +   HCOO⁻
ಶುರು     0.10          0         0
ಬದಲು     −x           +x        +x
ಕೊನೆ     0.10 − x      x         x
```

ಇಲ್ಲಿ ಬರೆಯುವುದು ಮೋಲಾರಿಟಿ, ಮೋಲ್ ಅಲ್ಲ. ಅರ್ಧ ಲೀಟರಿನಲ್ಲಿ ಇಷ್ಟು ಮೋಲ್ ಇದೆ ಅಂತ ಕೊಟ್ಟಿದ್ದರೆ ಮೊದಲು ಭಾಗಿಸಿಕೊಳ್ಳಿ. ಸಮೀಕರಣದಲ್ಲಿರುವ ಗುಣಾಂಕಗಳು ಎರಡನೇ ಸಾಲಿಗೆ ಮಾತ್ರ ಬರುತ್ತವೆ. ಒಂದು ವಸ್ತುವಿನ ಮುಂದೆ 2 ಇದ್ದರೆ ಅದರ ಬದಲಾವಣೆ 2x, ಶುರುವಿನ ಸಾಲನ್ನು ಮುಟ್ಟಬೇಡಿ.

ಕೊನೆಯ ಸಾಲನ್ನು Ka ಸೂತ್ರಕ್ಕೆ ಹಾಕಿದರೆ x²/(0.10 − x) = 1.8 × 10⁻⁴. x ತುಂಬಾ ಸಣ್ಣದು ಅಂದುಕೊಂಡು ಕೆಳಗೆ ಬರೀ 0.10 ಇಟ್ಟರೆ x = 4.2 × 10⁻³. ಕೆಲವರು ಸಣ್ಣದು ಅಂದ ಕೂಡಲೇ ಮೇಲಿನ x² ಅನ್ನೂ ಸೊನ್ನೆ ಮಾಡಿಬಿಡುತ್ತಾರೆ! ದೊಡ್ಡ ಸಂಖ್ಯೆಯಿಂದ ಕಳೆಯುವಾಗ, ಇಲ್ಲವೇ ಅದಕ್ಕೆ ಕೂಡಿಸುವಾಗ ಮಾತ್ರ x ಬಿಡಬಹುದು. ಒಂಟಿಯಾಗಿ ನಿಂತ x ಅಥವಾ ಗುಣಿಸುವ x ಬಿಟ್ಟರೆ ಲೆಕ್ಕವೇ ಉಳಿಯುವುದಿಲ್ಲ.

ಈಗ ಬಂದ x ಅನ್ನು 0.10 ರ ಜೊತೆ ಹೋಲಿಸಿ. ಶೇಕಡಾ 4.2. ರೂಢಿಯಲ್ಲಿರುವ ಗಡಿ ಶೇಕಡಾ 5, ಹಾಗಾಗಿ ಪಾಸ್. ವರ್ಗ ಸಮೀಕರಣ ಪೂರ್ತಿ ಬಿಡಿಸಿದರೂ 4.15 × 10⁻³ ಬರುತ್ತದೆ, ತಪ್ಪು ಶೇಕಡಾ 2 ರಷ್ಟೇ.

ಅದೇ ಆಸಿಡ್, ಅದೇ Ka. ನೂರು ಪಟ್ಟು ನೀರು ಬೆರೆಸಿ 0.0010 M ಮಾಡಿ. ಹಳೆಯ ದಾರಿಯಲ್ಲೇ ಹೋದರೆ x = 4.2 × 10⁻⁴, ಅಂದರೆ ಶುರುವಿನ ಶೇಕಡಾ 42! ಇದನ್ನು ಸಣ್ಣದು ಅನ್ನೋಕೆ ಆಗಲ್ಲ ಅಲ್ವಾ? ನಿಜವಾದ ಉತ್ತರ 3.4 × 10⁻⁴. pH 3.46 ಬರಬೇಕಾದ ಕಡೆ 3.37 ಬಂದಿರುತ್ತದೆ. ಈ pH ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಲಾಗ್ ಎಲ್ಲವನ್ನೂ ಮುಚ್ಚಿಹಾಕುತ್ತದೆ, ಆದರೆ H⁺ ಲೆಕ್ಕ ಶೇಕಡಾ 23 ರಷ್ಟು ಜಾಸ್ತಿಯಾಗಿದೆ. ಇನ್ನೂ ಹತ್ತು ಪಟ್ಟು ತೆಳು ಮಾಡಿ 0.00010 M ತೆಗೆದುಕೊಂಡರೆ x = 1.3 × 10⁻⁴ ಬರುತ್ತದೆ. ಇದ್ದ ಆಸಿಡ್ಡಿಗಿಂತ ಒಡೆದದ್ದೇ ಜಾಸ್ತಿ!

"Ka ಸಣ್ಣದಿದ್ದರೆ x ಬಿಡಬಹುದು" ಅನ್ನುವ ಗೈಡ್ ಪುಸ್ತಕದ ಮಾತು ಎಡವುವುದು ಇಲ್ಲೇ. ಮೂರು ಲೆಕ್ಕದಲ್ಲೂ Ka ಬದಲಾಗಲೇ ಇಲ್ಲ. ನೋಡಬೇಕಾದ್ದು ಶುರುವಿನ ಸಾರತೆ C ಯನ್ನು Ka ಯಿಂದ ಭಾಗಿಸಿದರೆ ಎಷ್ಟು ಬರುತ್ತದೆ ಅನ್ನುವುದನ್ನು. x ಬಿಟ್ಟು ಲೆಕ್ಕ ಮಾಡಿದಾಗ (x/C)² = Ka/C. ಶೇಕಡಾ 5 ಅಂದರೆ 0.05, ಅದರ ವರ್ಗ 1/400. ಹಾಗಾಗಿ C/Ka 400 ದಾಟಿದರೆ ಧೈರ್ಯವಾಗಿ x ಬಿಡಿ. ನಮ್ಮ ಮೊದಲ ಲೆಕ್ಕದಲ್ಲಿ ಅದು ಸುಮಾರು 556, ಎರಡನೆಯದರಲ್ಲಿ ಬರೀ 5.6. ಇದನ್ನು ಲೆಕ್ಕ ಶುರು ಮಾಡುವ ಮೊದಲೇ ಬಾಯಲ್ಲೇ ಹೇಳಬಹುದು. ಆದರೆ 400 ರ ಈ ಗಡಿ ಈ ತರಹದ ಟೇಬಲ್ಲಿಗೆ ಮಾತ್ರ. ಗುಣಾಂಕ ಬೇರೆ ಇದ್ದರೆ, ಅಥವಾ ಶುರುವಿನಲ್ಲೇ ಫಾರ್ಮೇಟ್ ಇದ್ದರೆ, x ಕಂಡುಹಿಡಿದು ಶೇಕಡಾ ಲೆಕ್ಕ ಹಾಕುವುದೇ ಸರಿ.

ಈ ಪರೀಕ್ಷೆಯಲ್ಲಿ x ಸೋತರೆ ವರ್ಗ ಸಮೀಕರಣ ಬಿಡಿಸಿ. ಕ್ಯಾಲ್ಕುಲೇಟರ್ ಕೈಯಲ್ಲಿದ್ದರೆ ನನಗೆ ಇನ್ನೊಂದು ದಾರಿ ಇಷ್ಟ: ಬಂದ x ಅನ್ನು ಬಿಸಾಡದೆ ಕೆಳಗಿನ C − x ಗೆ ಹಾಕಿ ಮತ್ತೆ ಲೆಕ್ಕ ಮಾಡುವುದು. 0.0010 M ಗೆ 4.24, ಆಮೇಲೆ 3.22, 3.49, 3.42, 3.44, ಎಲ್ಲವೂ × 10⁻⁴. ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುತ್ತಾ ಉತ್ತರಕ್ಕೆ ಬಂದು ನಿಲ್ಲುತ್ತದೆ. 0.00010 M ನಲ್ಲಿ ಮಾತ್ರ ಇದು ನಡೆಯಲ್ಲ. ಮೊದಲ x ಹಾಕಿದ ಕೂಡಲೇ C − x ಮೈನಸ್ ಆಗಿ, ವರ್ಗಮೂಲ ಕೇಳಿದರೆ ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಅಲ್ಲಿ ವರ್ಗ ಸಮೀಕರಣವೇ ಗತಿ, ಉತ್ತರ 7.2 × 10⁻⁵.