ಕ್ಲೇಮಿನೊಳಗೆ ಮೋಟಾರು ಯಾಕೆ ಕುಳಿತಿದೆ?

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರವೊಂದನ್ನು ರೂಪಿಸಿದ್ದೇನೆ. ಪೇಟೆಂಟ್ ಏಜೆಂಟರು ಅರ್ಜಿಯ ಕರಡು ಕಳುಹಿಸಿ, ಕ್ಲೇಮುಗಳನ್ನು ನೋಡಿ ಒಪ್ಪಿಗೆ ಕೊಡಿ ಎಂದಿದ್ದಾರೆ. ಕಾನೂನು ಓದದ ನಾನು ಅದರಲ್ಲಿ ಏನನ್ನು ನೋಡಬೇಕು?

ಉತ್ತರ: ಅರ್ಜಿ ಸಲ್ಲಿಸುವ ಮೊದಲೇ ನೋಡಬೇಕು ಎಂಬುದು ಮೊದಲ ಮಾತು. ಕ್ಲೇಮು ಎಂದರೆ ಯಾವುದರ ಮೇಲೆ ಹಕ್ಕು ಕೇಳುತ್ತಿದ್ದೀರಿ ಎಂದು ಹೇಳುವ ವಾಕ್ಯ. ನಮ್ಮ 1970ರ ಪೇಟೆಂಟ್ ಕಾಯ್ದೆಯ 59ನೇ ಕಲಮಿನ ಪ್ರಕಾರ, ಸಲ್ಲಿಸಿದ ಮೇಲೆ ತಿದ್ದಿದ ಕ್ಲೇಮು ಹಳೆಯ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಅಂದರೆ ಕುಗ್ಗಿಸಲು ದಾರಿಯಿದೆ, ಹಿಗ್ಗಿಸಲು ಇಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಜಿಯಲ್ಲಿ ಬರೆಯುವ ವಿವರಣೆಗೂ ಹೊಸ ವಿಷಯ ಸೇರಿಸುವಂತಿಲ್ಲ.

ನಿಮ್ಮ ಕರಡಿನ ಒಂದನೇ ಕ್ಲೇಮು ಹೀಗಿದೆ ಎಂದುಕೊಳ್ಳೋಣ: ‘ಉಕ್ಕಿನ ಚೌಕಟ್ಟು, ಅದರ ಮೇಲೆ ಕೂರಿಸಿದ ಒಂದು ಅಶ್ವಶಕ್ತಿಯ ಮೋಟಾರು, ಮೋಟಾರಿನಿಂದ ತಿರುಗುವ, ರಬ್ಬರ್ ಹೊದಿಸಿದ ರೋಲರ್, ರೋಲರಿಗೆ ಎದುರಾಗಿ ಸುರುಳಿ ಸ್ಪ್ರಿಂಗಿನ ಒತ್ತಡದಲ್ಲಿ ನಿಂತು, ಕಾಯಿಯ ಗಾತ್ರಕ್ಕೆ ತಕ್ಕಂತೆ ಹಿಂದೆ ಸರಿಯುವ ಬ್ಲೇಡ್ — ಇವುಗಳಿರುವ ಅಡಿಕೆ ಸುಲಿಯುವ ಯಂತ್ರ.’ ನೋಡಿದರೆ ಯಂತ್ರದ ಚೊಕ್ಕ ವರ್ಣನೆ. ತೊಂದರೆ ಇರುವುದೂ ಅಲ್ಲೇ. ಕ್ಲೇಮಿನಲ್ಲಿ ಹೇಳಿದ ಅಂಗಗಳೆಲ್ಲ ಇರುವ ಯಂತ್ರ ಮಾತ್ರ ಸಾಮಾನ್ಯವಾಗಿ ನಿಮ್ಮ ಹಕ್ಕಿನೊಳಗೆ ಬರುತ್ತದೆ. ನಿಮ್ಮ ಬ್ಲೇಡನ್ನೇ ನಕಲು ಮಾಡಿ, ಮೋಟಾರಿನ ಬದಲು ಪೆಡಲ್ ಜೋಡಿಸಿದವನು ನುಣುಚಿಕೊಳ್ಳಬಹುದು. ಎರಡೂ ಒಂದೇ ಎಂದು ನ್ಯಾಯಾಲಯದಲ್ಲಿ ವಾದಿಸಬಹುದಾದರೂ ಅದು ದುಬಾರಿ ದಾರಿ.

ಹಾಗಾಗಿ ಒಂದೊಂದೇ ಪದವನ್ನು ಹೆಬ್ಬೆರಳಿನಿಂದ ಮುಚ್ಚಿ ಎರಡು ಪ್ರಶ್ನೆ ಕೇಳಿ: ಇದಿಲ್ಲದೆ ಯಂತ್ರ ಕೆಲಸ ಮಾಡುತ್ತದೆಯೇ? ಇದಿಲ್ಲದಿದ್ದರೂ ಹಳೆಯ ಯಂತ್ರಗಳಿಗಿಂತ ಭಿನ್ನವಾಗಿ ಉಳಿಯುತ್ತದೆಯೇ? ಉಕ್ಕು, ಅಶ್ವಶಕ್ತಿ, ರಬ್ಬರ್ ಇವಕ್ಕೆ ಎರಡೂ ಉತ್ತರ ‘ಹೌದು’ ಎಂದಾದರೆ ಅವು ಒಂದನೇ ಕ್ಲೇಮಿನಿಂದ ಇಳಿದು, ಅದನ್ನು ಅವಲಂಬಿಸಿದ ಮುಂದಿನ ಕ್ಲೇಮುಗಳಿಗೆ ಹೋಗಲಿ. ಮೋಟಾರಿನ ಜಾಗದಲ್ಲಿ ‘ರೋಲರನ್ನು ತಿರುಗಿಸುವ ಸಾಧನ’ ಎಂದರೆ ಸಾಕು. ಹಿಂದೆ ಸರಿಯುವ ಬ್ಲೇಡನ್ನು ಮಾತ್ರ ಮುಟ್ಟಬೇಡಿ. ಅದನ್ನು ತೆಗೆದರೆ ಉಳಿಯುವುದು ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಯಂತ್ರ. ಅಷ್ಟು ಅಗಲದ ಕ್ಲೇಮನ್ನು ಪರೀಕ್ಷಕರು ತಳ್ಳಿಹಾಕುತ್ತಾರೆ.

ಸ್ಪ್ರಿಂಗಿನ ವಿಷಯ ಸ್ವಲ್ಪ ಸೂಕ್ಷ್ಮ. ಬ್ಲೇಡನ್ನು ಮತ್ತೆ ಮುಂದಕ್ಕೆ ತಳ್ಳಲು ಏನಾದರೂ ಬೇಕೇ ಬೇಕು, ಆದರೆ ಅದು ಸುರುಳಿ ಸ್ಪ್ರಿಂಗೇ ಆಗಬೇಕಿಲ್ಲ. ಒಂದನೇ ಕ್ಲೇಮಿನಲ್ಲಿ ‘ಬ್ಲೇಡನ್ನು ರೋಲರಿನ ಕಡೆಗೆ ಒತ್ತುವ ಸಾಧನ’ ಎಂದು ಬರೆದು, ಸುರುಳಿ ಸ್ಪ್ರಿಂಗನ್ನು ಎರಡನೇ ಕ್ಲೇಮಿಗೆ ಇಳಿಸೋಣ. ಬರೆದ ಕೂಡಲೇ ವಿವರಣೆಯ ಪುಟಗಳಿಗೆ ಹಿಂತಿರುಗಿ. ಅಲ್ಲಿ ಸ್ಪ್ರಿಂಗಿನ ಹೊರತು ಬೇರೇನೂ ಇಲ್ಲದಿದ್ದರೆ ಅಗಲಿಸಿದ ಕ್ಲೇಮಿಗೆ ಆಧಾರ ಸಾಲದು ಎಂಬ ಆಕ್ಷೇಪ ಬರಬಹುದು. ಕ್ಲೇಮು ವಿವರಣೆಯಲ್ಲಿ ತಿಳಿಸಿದ್ದರ ಮೇಲೆ ನ್ಯಾಯವಾಗಿ ನಿಂತಿರಬೇಕು ಎನ್ನುತ್ತದೆ 10ನೇ ಕಲಮು. ‘ಅಥವಾ ಬೇರೆ ಯಾವುದೇ ಸಾಧನ’ ಎಂದು ಒಂದು ಸಾಲು ತುರುಕುವುದು ಸೋಮಾರಿಯ ಉಪಾಯ. ಸನ್ನೆಕೋಲಿನ ತುದಿಗೆ ತೂಕ ಕಟ್ಟಿದರೆ ಹೇಗೆ, ಹಿಂದೆ ರಬ್ಬರ್ ದಿಮ್ಮಿ ಇಟ್ಟರೆ ಹೇಗೆ ಎಂದು ಒಂದೊಂದು ಪ್ಯಾರಾ ಬರೆಸಿ, ಸಾಧ್ಯವಾದರೆ ಚಿತ್ರವನ್ನೂ ಸೇರಿಸಿ. ಇದನ್ನು ಹೇಳಬಲ್ಲವರು ನೀವೇ ಹೊರತು ಏಜೆಂಟರಲ್ಲ. ಹಾಗೆಯೇ, ವಿವರಣೆಯಲ್ಲಿ ಒಣಗಿದ ಅಡಿಕೆಯ ಪ್ರಸ್ತಾಪ ಮಾತ್ರ ಇದ್ದು, ಕೆಂಪಡಿಕೆಗಾಗಿ ಹಸಿ ಕಾಯಿಯನ್ನೂ ಅದೇ ಯಂತ್ರ ಸುಲಿಯುವುದಾದರೆ, ಬ್ಲೇಡಿನ ಅಂತರ ಆಗ ಎಷ್ಟಿರಬೇಕು ಎಂಬುದರ ಸಮೇತ ಬರೆಸಿಬಿಡಿ.

ಪದಗಳ ಗೊಂದಲ ಹಿಡಿಯಲು ಬಣ್ಣದ ಪೆನ್ನು ಸಾಕು. ಕ್ಲೇಮಿನಲ್ಲಿ ‘ಬ್ಲೇಡ್’, ವಿವರಣೆಯಲ್ಲಿ ‘ಚಾಕು’, ಚಿತ್ರದಲ್ಲಿ ‘ಕತ್ತರಿಸುವ ಅಂಚು’ ಎಂದಿದ್ದರೆ, ಅವು ಮೂರು ಬಿಡಿಭಾಗಗಳೇ, ಒಂದೇ ಭಾಗವೇ ಎಂಬ ಅನುಮಾನಕ್ಕೆ ನೀವೇ ಎಡೆಮಾಡಿಕೊಟ್ಟಂತೆ. ಕಥೆ ಬರೆಯುವಾಗ ಒಂದೇ ಪದ ಮರುಕಳಿಸಿದರೆ ಬೇಸರ. ಇಲ್ಲಿ ಮರುಕಳಿಸದಿದ್ದರೆ ಅಪಾಯ. ‘ಸದರಿ’ ಎಂದಿರುವ ಕಡೆಯೆಲ್ಲ ನಿಂತು ಹಿಂದಕ್ಕೆ ನೋಡಿ. ಮೂರನೇ ಕ್ಲೇಮು ‘ಒಂದನೇ ಕ್ಲೇಮಿನ ಯಂತ್ರದಲ್ಲಿ, ಸದರಿ ಸ್ಪ್ರಿಂಗ್...’ ಎಂದು ಶುರುವಾಗುತ್ತದೆ, ಆದರೆ ಸ್ಪ್ರಿಂಗನ್ನು ನಾವು ಈಗಷ್ಟೇ ಎರಡನೇ ಕ್ಲೇಮಿಗೆ ಇಳಿಸಿದ್ದೇವೆ! ಮೂರನೆಯದು ಇನ್ನು ಎರಡನೆಯದನ್ನು ಅವಲಂಬಿಸಬೇಕು. ಅಗಲಿಸುವ ತಿದ್ದುಪಡಿಯೇ ಇಂಥ ತಪ್ಪುಗಳನ್ನು ಹುಟ್ಟಿಸುವುದರಿಂದ ಈ ಪರಿಶೀಲನೆ ಕೊನೆಯಲ್ಲಿರಲಿ.

ನೀವು ಈ ಹಿಂದೆ ತಾತ್ಕಾಲಿಕ ಅರ್ಜಿ ಸಲ್ಲಿಸಿದ್ದರೆ, ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಧಿಯಿದೆ, ಆಗ ಹೊಸ ವಿಷಯ ಸೇರಿಸಬಹುದು. ಆದರೆ ಮೊದಲ ಅರ್ಜಿಯಲ್ಲಿ ಇಲ್ಲದ ರಬ್ಬರ್ ದಿಮ್ಮಿಗೆ ಪೂರ್ಣ ವಿವರಣೆಯ ದಿನಾಂಕವೇ ಸಿಗುತ್ತದೆ. ಆ ನಡುವೆ ದಿಮ್ಮಿ ಇರುವ ಯಂತ್ರವನ್ನು ಕೃಷಿ ಮೇಳದಲ್ಲಿ ಜನರ ಮುಂದೆ ಓಡಿಸಿ ತೋರಿಸಿದ್ದರೆ, ದಿಮ್ಮಿ ಹೊಸತಲ್ಲ ಎಂಬ ಆಕ್ಷೇಪ ಬರಬಹುದು, ಹಾಗಾಗಿ ಏಜೆಂಟರಿಗೆ ಅದನ್ನು ಈಗಲೇ ತಿಳಿಸಿ.