‘ವಾಷರ್ ಹೋಗಿದೆ’ ಅಂದರೆ ಯಾವ ವಾಷರ್?

“ಕೈಪಂಪಿನ ಹ್ಯಾಂಡಲ್ ಸಲೀಸಾಗಿ ಆಡುತ್ತೆ, ನೀರು ಮಾತ್ರ ಬರ್ತಿಲ್ಲ. ವಾಷರ್ ಹೋಗಿದೆ, ನಟ್ ಬಿಗಿ ಮಾಡಿಸಿ.” ಈ ಸಲಹೆಯನ್ನು ಮೊನ್ನೆ ಮತ್ತೆ ಓದಿದೆ. ಮೊದಲ ಅರ್ಧ ಸರಿಯಾಗಿಯೇ ಇದೆ. ಕೊನೆಯ ಮಾತು ಪೂರ್ತಿ ತಪ್ಪು. ವಾಷರ್ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ವಸ್ತುಗಳನ್ನು ಕರೆಯೋದರಿಂದ ಈ ಗೊಂದಲ ಹುಟ್ಟುತ್ತದೆ.

ಒಂದು, ನಟ್ಟಿನ ಕೆಳಗೆ ಕೂರುವ ಚಪ್ಪಟೆ ಬಿಲ್ಲೆ. ಅದು ಕದಲೋದಿಲ್ಲ. ಬಿಗಿ ಮಾಡಿದಷ್ಟೂ ಅಮುಕಿಕೊಂಡು ಸೋರಿಕೆ ನಿಲ್ಲಿಸುತ್ತದೆ. ಇನ್ನೊಂದು, ಬೋರ್‌ವೆಲ್ ಒಳಗೆ ಸಿಲಿಂಡರಿನಲ್ಲಿ ಪ್ಲಂಜರ್, ಅಂದರೆ ರಾಡಿನ ತುದಿಯ ಪಿಸ್ಟನ್ ಜೊತೆ ಮೇಲೆ ಕೆಳಗೆ ಓಡಾಡುವ ಬಟ್ಟಲಿನಂಥ ರಬ್ಬರ್. ಇದಕ್ಕೆ ಮೆಕ್ಯಾನಿಕ್‌ಗಳು ಕಪ್ ವಾಷರ್ ಅಂತಲೋ ಬಕೆಟ್ ವಾಷರ್ ಅಂತಲೋ ಹೇಳುತ್ತಾರೆ. ಹಿಂದೆ ಇದನ್ನು ಚರ್ಮದಲ್ಲಿ ಮಾಡುತ್ತಿದ್ದರು, ಈಗ ಹೆಚ್ಚಾಗಿ ನೈಟ್ರೈಲ್ ರಬ್ಬರಿನದು. ಕೈಪಂಪಿನಲ್ಲಿ ‘ವಾಷರ್ ಹೋಗಿದೆ’ ಅಂದರೆ ಈ ಎರಡನೆಯದು.

‘ಬಕೆಟ್’ ಅನ್ನೋ ಹೆಸರು ಇಲ್ಲಿಗೆ ಹೇಗೆ ಬಂತು? ಬಕೆಟ್ ಆಕಾರದಲ್ಲಿದೆ, ಅದಕ್ಕೇ ಆ ಹೆಸರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಡುವೆ ತೂತು, ಆ ತೂತಿಗೊಂದು ವಾಲ್ವ್ ಇರುವ ಪಿಸ್ಟನ್ನಿಗೇ ಇಂಗ್ಲಿಷಿನ ಹಳೆಯ ಪಂಪ್ ಕೆಲಸದವರು ಬಕೆಟ್ ಅನ್ನುತ್ತಿದ್ದರು. ಅದು ಮಾಡೋ ಕೆಲಸ ನೋಡಿದರೆ ಹೆಸರು ತಾನಾಗಿ ಅರ್ಥವಾಗುತ್ತದೆ. ಬಾವಿಗೆ ಕೊಡ ಬಿಟ್ಟಾಗ ಅದು ನೀರಿನೊಳಗೆ ಮುಳುಗುತ್ತದೆ, ನೀರು ಅದರೊಳಗೆ ಸೇರುತ್ತದೆ, ಎಳೆದರೆ ನೀರನ್ನು ಹೊತ್ತುಕೊಂಡು ಮೇಲೆ ಬರುತ್ತದೆ. ಪ್ಲಂಜರ್ ಕೂಡ ಹಾಗೆಯೇ. ಕೆಳಗೆ ಇಳಿಯುವಾಗ ಅದರ ವಾಲ್ವ್ ತೆರೆದುಕೊಂಡು ನೀರು ಪ್ಲಂಜರಿನ ಮೇಲೆ ಬರುತ್ತದೆ. ಮೇಲೇಳುವಾಗ ವಾಲ್ವ್ ಮುಚ್ಚಿಕೊಂಡು ಆ ನೀರನ್ನು ಹೊತ್ತು ತರುತ್ತದೆ. ಅಂದರೆ ಪಂಪ್ ನೀರನ್ನು ತಳ್ಳುವುದಕ್ಕಿಂತ ಜಾಸ್ತಿ ಸೇದುತ್ತದೆ, ಹಗ್ಗದ ಬದಲು ಕಬ್ಬಿಣದ ರಾಡ್, ಅಷ್ಟೇ. ಆ ಬಕೆಟ್ಟಿನ ಸುತ್ತ ಕೂರುವ ರಬ್ಬರ್ ಬಕೆಟ್ ವಾಷರ್ ಆಯಿತು. ಆಮೇಲೆ ಹೆಸರು ಜಾರಿ, ಬಿಡಿಭಾಗಗಳ ಪಟ್ಟಿಯಲ್ಲಿ ಆ ರಬ್ಬರನ್ನೇ ‘ಪಂಪ್ ಬಕೆಟ್’ ಅಂತ ಬರೆಯುವುದೂ ಇದೆ.

ಹಾಗಾಗಿ ವಾಷರ್ ಸವೆದ ಪಂಪು ಅಂದರೆ ತೂತು ಕೊಡ. ಎಳೆಯುತ್ತೀರಿ, ಆದರೆ ನೀರು ಅಂಚಿನಿಂದ ಕೆಳಗೆ ಸೋರಿಹೋಗುತ್ತದೆ. ಹೊರುವ ಭಾರವೇ ಇಲ್ಲದ ಮೇಲೆ ಹ್ಯಾಂಡಲ್ ಹಗುರ ಆಗದೆ ಇನ್ನೇನಾಗುತ್ತದೆ?

ಇದನ್ನು ಬಿಗಿ ಮಾಡಿದರೆ ಯಾಕೆ ಸರಿಹೋಗೋದಿಲ್ಲ ಅನ್ನೋದಕ್ಕೆ ಕಪ್ಪಿನ ಆಕಾರವೇ ಉತ್ತರ. ಬಟ್ಟಲಿನ ಬಾಯಿ ಮೇಲಕ್ಕಿರುತ್ತದೆ. ಮೇಲಿರುವ ನೀರಿನ ಭಾರ ಬಟ್ಟಲಿನ ಒಳಗಿನಿಂದ ಅದರ ಅಂಚನ್ನು ಸಿಲಿಂಡರ್ ಗೋಡೆಗೆ ಒತ್ತುತ್ತದೆ. ಅಂಚು ಗೋಡೆಗೆ ಅಂಟಿಕೊಳ್ಳೋದು ನೀರಿನ ಒತ್ತಡದಿಂದ, ನಟ್ಟಿನಿಂದ ಅಲ್ಲ. ನಟ್ ಹಿಡಿದಿರೋದು ಬಟ್ಟಲಿನ ತಳವನ್ನು ಮಾತ್ರ. ಅಂಚು ಸವೆದು ಗೋಡೆಗೆ ಮುಟ್ಟದೇ ಹೋದರೆ ತಳವನ್ನು ಎಷ್ಟು ಅಮುಕಿದರೂ ಸುಮ್ನೆ ಶ್ರಮ.

ಇನ್ನೊಂದು ಅವಸರದ ತೀರ್ಪು, “ಬೋರ್ ಬತ್ತಿದೆ” ಅನ್ನೋದು. ಇದನ್ನು ಕೇಳಿದಾಗಲೂ ತಾಳ್ಮೆ ತಪ್ಪುತ್ತದೆ, ಯಾಕೆಂದರೆ ಎರಡನ್ನೂ ಬೇರೆ ಮಾಡೋಕೆ ಒಂದು ಬಕೆಟ್, ಒಂದು ಗಡಿಯಾರ ಸಾಕು. ಲೆಕ್ಕ ಹೀಗೆ. ಇಂಡಿಯಾ ಮಾರ್ಕ್ 2 ಪಂಪಿನ ಸಿಲಿಂಡರ್ ಒಳಗಿನ ಅಗಲ 63.5 ಮಿಲಿಮೀಟರ್. ಪ್ಲಂಜರ್ ಒಂದು ಸಲಕ್ಕೆ ಏರೋದು 125 ಮಿಲಿಮೀಟರ್. ಅಲ್ಲಿಗೆ ಒಂದು ಪೂರ್ತಿ ಏಟಿಗೆ ಸುಮಾರು 0.4 ಲೀಟರ್ ನೀರು. 40 ಏಟು ಹೊಡೆದರೆ 15 ಲೀಟರಿನ ಬಕೆಟ್ ಹೆಚ್ಚುಕಡಿಮೆ ತುಂಬಬೇಕು.

ನಾನು ನೋಡಿದ ಒಂದು ಪಂಪಿನಲ್ಲಿ ಒಂದು ನಿಮಿಷಕ್ಕೆ 40 ಏಟು ಹೊಡೆದಾಗ ಬಂದಿದ್ದು 6 ಲೀಟರ್. ಅದೇ 40 ಏಟನ್ನು ನಿಧಾನವಾಗಿ ಎರಡು ನಿಮಿಷದಲ್ಲಿ ಹೊಡೆದರೆ 2 ಲೀಟರ್ ಕೂಡ ತುಂಬಲಿಲ್ಲ. ಇದೇ ದೊಡ್ಡ ಸುಳಿವು. ಸವೆದ ಅಂಚಿನಲ್ಲಿ ನೀರು ಸೋರೋಕೆ ಸಮಯ ಬೇಕು. ಬೇಗ ಎಳೆದರೆ ಸೋರುವ ಮುಂಚೆ ಒಂದಿಷ್ಟು ಮೇಲೆ ಬರುತ್ತದೆ, ನಿಧಾನ ಮಾಡಿದರೆ ಎಲ್ಲ ಹಿಂದಕ್ಕೆ. ಜೊತೆಗೆ ಮೊದಲ ಹತ್ತು ಏಟಿಗೂ ಕೊನೆಯ ಹತ್ತು ಏಟಿಗೂ ನೀರಿನಲ್ಲಿ ವ್ಯತ್ಯಾಸ ಇರಲಿಲ್ಲ. ಬೋರಿನಲ್ಲಿ ನೀರು ಕಡಿಮೆಯಾಗಿದ್ದರೆ ಹೀಗಿರೋದಿಲ್ಲ. ಆಗ ಮೊದಲು ಚೆನ್ನಾಗಿಯೇ ಬಂದು, ಹೊಡೆಯುತ್ತಾ ಹೋದಂತೆ ಗಾಳಿ ಸೇರಿ ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮತ್ತೆ ಬರುತ್ತದೆ.

ಆಮೇಲೆ ಅರ್ಧ ಗಂಟೆ ಪಂಪ್ ಮುಟ್ಟದೆ ಬಿಟ್ಟು ಮತ್ತೆ ಹೊಡೆದೆವು. ಮೂರನೇ ಏಟಿಗೇ ನೀರು ಬಂತು. ಪೈಪಿನಲ್ಲಿದ್ದ ನೀರು ಕೆಳಗೆ ಇಳಿದಿರಲಿಲ್ಲ. ಅಂದರೆ ಸಿಲಿಂಡರಿನ ತಳದಲ್ಲಿದ್ದು ಒಳಬಂದ ನೀರನ್ನು ವಾಪಸ್ ಬಿಡದ ಫುಟ್ ವಾಲ್ವ್ ಗಟ್ಟಿಯಾಗಿದೆ. ದೋಷ ಪ್ಲಂಜರಿನಲ್ಲೇ, ಕಪ್ಪಿನದೋ ಅದರ ವಾಲ್ವಿನದೋ.

ಇಲ್ಲೊಂದು ಮಾತು. ಬೆಳಗ್ಗೆ ನೀರು ಬರೋಕೆ ಇಪ್ಪತ್ತು ಮೂವತ್ತು ಏಟು ಬೇಕಾದರೆ ತಕ್ಷಣ “ಫುಟ್ ವಾಲ್ವ್ ಹೋಗಿದೆ” ಅನ್ನುತ್ತಾರೆ. ಫುಟ್ ವಾಲ್ವ್ ಒಂದೇ ಸೋರಿದರೆ ಪೈಪ್ ಖಾಲಿಯಾಗೋದಿಲ್ಲ, ಮೇಲಿನ ನೀರನ್ನು ಪ್ಲಂಜರ್ ಹಿಡಿದುಕೊಂಡಿರುತ್ತದೆ. ಪೈಪ್ ಖಾಲಿಯಾಗಬೇಕಾದರೆ ಫುಟ್ ವಾಲ್ವೂ ಪ್ಲಂಜರೂ ಎರಡೂ ಸೋರಬೇಕು, ಇಲ್ಲಾ ಪೈಪೇ ತೂತಾಗಿರಬೇಕು. ಫುಟ್ ವಾಲ್ವ್ ಒಂದೇ ಕೆಟ್ಟರೆ ಕೈಗೆ ಬೇರೆ ಥರ ತಿಳಿಯುತ್ತದೆ. ಒತ್ತುವಾಗ ಹ್ಯಾಂಡಲ್ ಎಂದಿನಂತೆ ಭಾರ, ಬಿಟ್ಟರೆ ನೀರಿನ ಭಾರಕ್ಕೆ ಪ್ಲಂಜರ್ ಕೆಳಗೆ ಕುಸಿದು ಹ್ಯಾಂಡಲ್ ಜೋರಾಗಿ ಮೇಲೇಳುತ್ತದೆ. ಇನ್ನು ಎಷ್ಟು ಬೇಗ ಹೊಡೆದರೂ ಒಂದು ಹನಿ ಬರದೆ ಹ್ಯಾಂಡಲ್ ಪೂರ್ತಿ ಪೊಳ್ಳಾಗಿ ಆಡಿದರೆ ರಾಡ್ ತುಂಡಾಗಿದೆಯೋ ಕಳಚಿದೆಯೋ ನೋಡಿ.

ಆ ಪಂಪಿನ ಪೈಪುಗಳನ್ನೆಲ್ಲ ಎತ್ತಿ ಸಿಲಿಂಡರ್ ಬಿಚ್ಚಿದಾಗ ಕಪ್ಪಿನ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಒಂದು ಕಡೆ ಉಗುರಿನಗಲ ಹರಿದೇ ಹೋಗಿತ್ತು. ವಾಲ್ವ್ ಕೂರುವ ರಬ್ಬರಿನಲ್ಲಿ ಮರಳಿನ ಕಾಳು ಕಚ್ಚಿಕೊಂಡಿತ್ತು. ಈ ಸೀಟ್ ರಬ್ಬರ್ ಚಪ್ಪಟೆ ಬಿಲ್ಲೆಯಂತೆಯೇ ಕಾಣುತ್ತದೆ, ಹಾಗಾಗಿ ಇದನ್ನೂ ಕೆಲವರು ವಾಷರ್ ಅಂತಾರೆ, ಗೊಂದಲ ಇನ್ನಷ್ಟು ಜಾಸ್ತಿ. ಬಿಡಿಭಾಗ ತರಿಸುವಾಗ ದಯವಿಟ್ಟು ಕಪ್ ವಾಷರ್ ಮತ್ತು ವಾಲ್ವ್ ಸೀಟ್ ರಬ್ಬರ್ ಅಂತ ಬಿಡಿಸಿ ಹೇಳಿ.

ಹೊಸ ಕಪ್ ಹಾಕುವ ಮುಂಚೆ ಸಿಲಿಂಡರಿನೊಳಗೆ ಬೆರಳಾಡಿಸಿ. ಒಳಗಿನ ಹಿತ್ತಾಳೆ ಗೋಡೆ ನುಣ್ಣಗಿರಬೇಕು. ಮರಳು ಎಳೆದ ಉದ್ದುದ್ದ ಗೀರು ಉಗುರಿಗೆ ಸಿಕ್ಕರೆ ಹೊಸ ಕಪ್ ಕೂಡ ಬಹಳ ದಿನ ಬಾಳೋದಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ನಾವು ನೋಡಿದ್ದರಲ್ಲಿ ಗೀರು ಇರಲಿಲ್ಲ. ಪ್ಲಂಜರಿನ ಎರಡು ಕಪ್ಪುಗಳನ್ನೂ ಬಾಯಿ ಮೇಲಕ್ಕೆ ಮಾಡಿ ಕೂರಿಸಿ, ಸೀಟ್ ರಬ್ಬರ್ ಬದಲಿಸಿ ಇಳಿಸಿದ ಮೇಲೆ 40 ಏಟಿಗೆ 14 ಲೀಟರ್ ಬಂತು. ಹ್ಯಾಂಡಲ್ ಮತ್ತೆ ಭಾರವಾಗಿತ್ತು.