ದುಃಖದಲ್ಲಿರುವ ಕ್ರೈಸ್ತ ಗೆಳತಿಗೆ ಸಾಂತ್ವನ ಪತ್ರ: ಕೀರ್ತನೆಯ ವಚನ ಆರಿಸುವುದು, ಸಂಖ್ಯೆ ಸರಿಯಾಗಿ ಬರೆಯುವುದು

ಸಾಂತ್ವನ ಪತ್ರದಲ್ಲಿ ಬೈಬಲಿನ ಮಾತು ಸೇರಿಸಬೇಕೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕೀರ್ತನೆಗಳ ಪುಸ್ತಕಕ್ಕೆ. ಅದಕ್ಕೆ ಕಾರಣ ಇದೆ. ಬೈಬಲಿನ ಬಹಳಷ್ಟು ಭಾಗ ದೇವರು ಮನುಷ್ಯರಿಗೆ ಹೇಳಿದ ಮಾತು. ಕೀರ್ತನೆಗಳು ಹೆಚ್ಚಾಗಿ ಮನುಷ್ಯರು ದೇವರಿಗೆ ಹೇಳಿದ ಮಾತು. ಅಳು, ಸಿಟ್ಟು, ದೂರು, ನಂಬಿಕೆ ಎಲ್ಲವೂ ಅಲ್ಲಿವೆ. ಆದರೆ 150 ಕೀರ್ತನೆಗಳಲ್ಲಿ ಯಾವುದನ್ನು ಆರಿಸಬೇಕು, ಅದರ ಸಂಖ್ಯೆ ಹೇಗೆ ಬರೆಯಬೇಕು ಎನ್ನುವಲ್ಲಿ ಎಡವಟ್ಟಾಗುತ್ತದೆ.

ಮೊದಲು ಸಂಖ್ಯೆಯ ವಿಷಯ ನೋಡೋಣ. ಇದು ಸಣ್ಣದು ಅನ್ನಿಸಬಹುದು, ಆದರೆ ಪತ್ರ ಓದಿದವಳು ಬೈಬಲ್ ತೆಗೆದು ಆ ಪುಟ ನೋಡಿಯೇ ನೋಡುತ್ತಾಳೆ. ಬರೆಯುವ ಕ್ರಮ ಸುಲಭ: ‘ಕೀರ್ತನೆ 34:18’ ಎಂದರೆ 34ನೆಯ ಕೀರ್ತನೆಯ 18ನೆಯ ವಚನ. ಎರಡು ವಚನ ಒಟ್ಟಿಗೆ ಇದ್ದರೆ 121:1-2. ಬಿಡಿಬಿಡಿಯಾಗಿದ್ದರೆ 121:2, 8. ಇಲ್ಲಿ ‘ಅಧ್ಯಾಯ’ ಅನ್ನುವ ಮಾತು ಅಷ್ಟು ಒಗ್ಗುವುದಿಲ್ಲ, ಯಾಕೆಂದರೆ ಪ್ರತಿಯೊಂದೂ ಬೇರೆ ಬೇರೆ ಹಾಡು.

ತೊಡಕು ಬರುವುದು ಬೈಬಲಿನ ಆವೃತ್ತಿ ಬದಲಾದಾಗ. ಹೀಬ್ರೂ ಮೂಲದಲ್ಲಿ ಕೀರ್ತನೆಗಳನ್ನು ಎಣಿಸುವ ರೀತಿ ಒಂದು, ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಅನುವಾದಗಳಲ್ಲಿ ಎಣಿಸುವ ರೀತಿ ಇನ್ನೊಂದು. ಹೀಬ್ರೂವಿನ 9 ಮತ್ತು 10ನ್ನು ಗ್ರೀಕ್ ಅನುವಾದ ಒಂದೇ ಕೀರ್ತನೆಯಾಗಿ ಎಣಿಸುತ್ತದೆ. ಅಲ್ಲಿಂದ ಮುಂದೆ ಬಹುಪಾಲು ಒಂದು ಸಂಖ್ಯೆ ಕಡಿಮೆ. ಕೊನೆಗೆ ಹೀಬ್ರೂವಿನ 147ನ್ನು ಎರಡಾಗಿ ಒಡೆಯುತ್ತದೆ, ಹಾಗಾಗಿ 148ರಿಂದ 150ರ ತನಕ ಮತ್ತೆ ಎರಡೂ ಒಂದೇ. ಕನ್ನಡದಲ್ಲಿ ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಬೈಬಲ್ ಹೀಬ್ರೂ ಸಂಖ್ಯೆಯನ್ನೇ ಹಿಡಿಯುತ್ತದೆ. ಲ್ಯಾಟಿನ್ ಎಣಿಕೆ ಸಿಗುವುದು ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳಲ್ಲಿ ಮತ್ತು ಡೂಯೆ-ರೀಮ್ಸ್‌ನಂಥ ಹಳೆಯ ಇಂಗ್ಲಿಷ್ ಅನುವಾದದಲ್ಲಿ.

ಇದರಿಂದ ಏನಾಗುತ್ತದೆ ನೋಡಿ. ‘ಕರ್ತನು ನನ್ನ ಕುರುಬ’ ಎನ್ನುವ ಪ್ರಸಿದ್ಧ ಕೀರ್ತನೆ ನಮಗೆ 23. ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ಅದು 22. ಅಂಥ ಪುಸ್ತಕದಿಂದ ಸಂಖ್ಯೆ ನಕಲು ಮಾಡಿ ‘ಕೀರ್ತನೆ 22 ಓದು’ ಎಂದು ಬರೆದರೆ ಗೆಳತಿ ತನ್ನ ಬೈಬಲಿನಲ್ಲಿ ತೆರೆಯುವುದು ಯಾವುದನ್ನು? ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂದು ಶುರುವಾಗುವ ಕೀರ್ತನೆಯನ್ನು! ಹಾಗೆಯೇ ‘ಮನಸ್ಸು ಮುರಿದವರನ್ನು ಗುಣಪಡಿಸುತ್ತಾನೆ, ಅವರ ಗಾಯ ಕಟ್ಟುತ್ತಾನೆ’ ಎನ್ನುವ ಮಾತು ನಮಗೆ 147:3, ಅಲ್ಲಿ 146:3. ನಮ್ಮ 146:3 ತೆರೆದರೆ ಸಿಗುವುದು ಅಧಿಕಾರದಲ್ಲಿರುವವರನ್ನು ನಂಬಬೇಡಿ ಎನ್ನುವ ಎಚ್ಚರಿಕೆ.

ಇನ್ನೊಂದು ವ್ಯತ್ಯಾಸ ವಚನದ ಸಂಖ್ಯೆಯಲ್ಲಿ. ಹಲವು ಕೀರ್ತನೆಗಳ ತಲೆಯ ಮೇಲೆ ಒಂದು ಟಿಪ್ಪಣಿ ಇರುತ್ತದೆ. 34ರ ಮೇಲೆ, ದಾವೀದನು ಅಬೀಮೆಲೆಕನ ಮುಂದೆ ಹುಚ್ಚನಂತೆ ನಟಿಸಿದಾಗಿನದು ಎಂದು ಇದೆ. ಹೀಬ್ರೂ ಬೈಬಲ್ ಈ ಟಿಪ್ಪಣಿಗೇ 1 ಎಂದು ಸಂಖ್ಯೆ ಕೊಡುತ್ತದೆ. ಇಂಗ್ಲಿಷಿನ ನ್ಯೂ ಅಮೆರಿಕನ್ ಬೈಬಲಿನಂಥ ಕಥೋಲಿಕ ಆವೃತ್ತಿಗಳಲ್ಲೂ ಹೀಗೇ. ನಮ್ಮ ಸಾಮಾನ್ಯ ಬೈಬಲಿನಲ್ಲಿ ಟಿಪ್ಪಣಿಗೆ ಸಂಖ್ಯೆ ಇರುವುದಿಲ್ಲ. ಹಾಗಾಗಿ ನಮ್ಮ 34:18 ಅಲ್ಲಿ 34:19. ನಮ್ಮ 46:1 ಅಲ್ಲಿ 46:2, ನಮ್ಮ 56:8 ಅಲ್ಲಿ 56:9. ಆದರೆ 23, 121, 147ರಲ್ಲಿ ಈ ವ್ಯತ್ಯಾಸ ಇಲ್ಲ.

ಒಂದು ವಚನ ಆಚೀಚೆಯಾದರೆ ಏನು ಮಹಾ ಅನ್ನಬೇಡಿ. 34:18 ಮುರಿದ ಮನಸ್ಸಿನವರ ಹತ್ತಿರ ದೇವರು ಇರುತ್ತಾನೆ ಎನ್ನುತ್ತದೆ. ಅದರ ಹಿಂದಿನ 34:17, ನೀತಿವಂತರು ಕೂಗಿದಾಗ ದೇವರು ಕೇಳಿ ಎಲ್ಲಾ ಕಷ್ಟಗಳಿಂದ ಬಿಡಿಸುತ್ತಾನೆ ಎನ್ನುತ್ತದೆ. ತಿಂಗಳುಗಟ್ಟಲೆ ಪ್ರಾರ್ಥನೆ ಮಾಡಿಯೂ ಅಪ್ಪನನ್ನು ಕಳೆದುಕೊಂಡವಳ ಕಣ್ಣಿಗೆ ಆ ವಾರ 34:17 ಬಿದ್ದರೆ ಅದು ಸಾಂತ್ವನ ಅಲ್ಲ, ಚುಚ್ಚುಮಾತು. ಪರೀಕ್ಷಿಸುವ ದಾರಿ ಇಷ್ಟೇ: ಆಕೆಯ ಮನೆಯಲ್ಲಿ ಓದುವ ಆವೃತ್ತಿ ಯಾವುದು ಎಂದು ತಿಳಿದುಕೊಳ್ಳಿ, ಅದರಲ್ಲೇ ಪುಟ ತೆರೆಯಿರಿ, ನೀವು ಬರೆಯುವ ವಚನದ ಹಿಂದೆ ಮುಂದೆ ಎರಡೆರಡು ವಚನ ಓದಿ. ಮಾತನ್ನೂ ಅಲ್ಲಿಂದಲೇ ನಕಲು ಮಾಡಿ. ಹಳೆಯ ಅನುವಾದದಲ್ಲಿ ‘ಯೆಹೋವನು’ ಎಂದಿರುವ ಕಡೆ ಕಥೋಲಿಕ ಮನೆಯ ಬೈಬಲಿನಲ್ಲಿ ‘ಪ್ರಭು’ ಎಂದಿರುತ್ತದೆ. ಅವರ ಕಿವಿಗೆ ಪಳಗಿದ ಮಾತೇ ಇರಲಿ.

ಇನ್ನು ವಚನ ಆರಿಸುವುದು. ನನ್ನ ಅಭಿಪ್ರಾಯದಲ್ಲಿ ಒಂದು ಪತ್ರಕ್ಕೆ ಎರಡು ವಚನ ಸಾಕು. ಜಾಸ್ತಿ ಹಾಕಿದರೆ ಪತ್ರ ಹೋಗಿ ಪಟ್ಟಿ ಆಗುತ್ತದೆ.

23ನೆಯ ಕೀರ್ತನೆಯಲ್ಲಿ ಎಲ್ಲರ ಬಾಯಲ್ಲೂ ಇರುವುದು ಮೊದಲ ವಚನ, ನನಗೆ ಯಾವ ಕೊರತೆಯೂ ಇಲ್ಲ ಎನ್ನುವುದು. ಅಪ್ಪ ಹೋದ ಮನೆಗೆ ಆ ಮಾತು ಸರಿಹೊಂದುತ್ತದಾ? ನಾನು 23:4ನ್ನು ಆರಿಸುತ್ತೇನೆ: ‘ನಾನು ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ಕೇಡಿಗೆ ಹೆದರೆನು, ನೀನು ಹತ್ತಿರವಿರುತ್ತೀಯಲ್ಲಾ.’ ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಮೂರು ವಚನಗಳಲ್ಲಿ ಹಾಡುಗಾರ ದೇವರ ಬಗ್ಗೆ ಮಾತಾಡುತ್ತಾನೆ: ಆತನು ನಡೆಸುತ್ತಾನೆ, ಆತನು ಚೇತರಿಸುತ್ತಾನೆ. ಕತ್ತಲ ಕಣಿವೆ ಬಂದ ಕೂಡಲೇ ‘ಆತನು’ ಹೋಗಿ ‘ನೀನು’ ಬರುತ್ತದೆ. ಬಗ್ಗೆ ಮಾತಾಡುತ್ತಿದ್ದವನು ನೇರವಾಗಿ ಮಾತಾಡತೊಡಗುತ್ತಾನೆ. ಕಣಿವೆ ಇಲ್ಲ ಎಂದು ಈ ವಚನ ಎಲ್ಲೂ ಹೇಳುವುದಿಲ್ಲ, ಜೊತೆಗೆ ಒಬ್ಬನಿದ್ದಾನೆ ಎಂದಷ್ಟೇ ಹೇಳುತ್ತದೆ.

ಅಳುವನ್ನು ತಡೆದುಕೊಂಡಿರುವ ಗೆಳತಿಗೆ 56:8 ಚೆನ್ನಾಗಿ ಒಪ್ಪುತ್ತದೆ. ನನ್ನ ಕಣ್ಣೀರನ್ನು ನೀನು ತುಂಬಿಟ್ಟುಕೊಂಡಿದ್ದೀಯೆ, ನಿನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೀಯೆ ಎನ್ನುವ ಅರ್ಥ ಅದರದು. ದೇವರ ಮೇಲೇ ಸಿಟ್ಟಾಗಿರುವವಳಿಗೆ 13:1, ‘ಎಷ್ಟರ ತನಕ ನನ್ನನ್ನು ಮರೆತಿರುತ್ತೀ’ ಎಂದು ಕೇಳುವ ವಚನ. ಸಿಟ್ಟಿಗೂ ಪ್ರಾರ್ಥನೆಯಲ್ಲಿ ಜಾಗ ಇದೆ ಎಂದು ಅದು ತೋರಿಸುತ್ತದೆ.

ಕೆಲವು ವಚನ ನಿಜವಾಗಿಯೂ ಚೆನ್ನಾಗಿವೆ, ಆದರೆ ಈ ಪತ್ರಕ್ಕೆ ಬೇಡ. 91:10 ನಿನಗೆ ಯಾವ ಕೇಡೂ ತಟ್ಟದು ಎನ್ನುತ್ತದೆ, ಕೇಡು ಈಗಾಗಲೇ ತಟ್ಟಿದೆ. 30:5 ರಾತ್ರಿ ಅಳು ಇದ್ದರೂ ಬೆಳಗ್ಗೆ ಹರ್ಷ ಎನ್ನುತ್ತದೆ, ಮೊದಲ ವಾರಕ್ಕೆ ಅದು ಅವಸರದ ಮಾತು. 116:15, ಭಕ್ತರ ಮರಣ ದೇವರ ದೃಷ್ಟಿಯಲ್ಲಿ ಅಮೂಲ್ಯ ಎನ್ನುವ ವಚನ, ಸಮಾಧಿ ಕಲ್ಲಿನ ಮೇಲೆ ಸರಿ. ಸುಮ್ನೆ ಪತ್ರದಲ್ಲಿ ಬರೆದರೆ ದೇವರಿಗೆ ಈ ಸಾವು ಇಷ್ಟವಾಯಿತಾ ಅಂತ ಕೇಳಿಸಬಹುದು.

ಕೀರ್ತನೆಯಲ್ಲದ ಮಾತುಗಳೂ ಕೀರ್ತನೆಯ ಹೆಸರಲ್ಲಿ ಓಡಾಡುತ್ತವೆ. ದುಃಖಪಡುವವರು ಧನ್ಯರು ಎನ್ನುವುದು ಮತ್ತಾಯ 5:4. ಕಣ್ಣೀರನ್ನೆಲ್ಲಾ ಒರಸುವನು ಎನ್ನುವುದು ಪ್ರಕಟಣೆ 21:4. ದೇವರೇ ಕೊಟ್ಟನು, ದೇವರೇ ತೆಗೆದುಕೊಂಡನು ಎನ್ನುವುದು ಯೋಬ 1:21, ಅದೂ ಸ್ವತಃ ಮಕ್ಕಳನ್ನು ಕಳೆದುಕೊಂಡವನ ಬಾಯಿಂದ ಬಂದದ್ದು. ಹೊರಗಿನವರು ಅದನ್ನು ಎತ್ತಿ ಹೇಳುವುದು ಬೇರೆಯೇ ಆಗುತ್ತದೆ. ‘ಇದೂ ಕಳೆದುಹೋಗುತ್ತದೆ’ ಎಂಬ ಮಾತು ಬೈಬಲಿನಲ್ಲೇ ಇಲ್ಲ.

ನಾವು ಬೇರೆ ಧರ್ಮದವರಾಗಿದ್ದರೆ ನಮ್ಮ ಕೈ ತಾನಾಗಿಯೇ ಬರೆಯುವ ಕೆಲವು ಪದಗಳ ಮೇಲೂ ಕಣ್ಣಿರಲಿ. ‘ಸದ್ಗತಿ’, ‘ದೈವಾಧೀನರಾದರು’, ‘ಹಣೆಬರಹ’ ಬೇಡ. ‘ತೀರಿಕೊಂಡರು’ ಎಲ್ಲರಿಗೂ ಸರಿ. ‘ಆತ್ಮಕ್ಕೆ ಶಾಂತಿ ಸಿಗಲಿ’ ಎನ್ನುವುದು ಕಥೋಲಿಕ ಮನೆಗೆ ಒಪ್ಪುತ್ತದೆ, ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ಅವರಲ್ಲಿದೆ. ಹೆಚ್ಚಿನ ಪ್ರೊಟೆಸ್ಟೆಂಟರಲ್ಲಿ ಆ ಪದ್ಧತಿ ಇಲ್ಲ. ಅವರಿಗೆ ‘ನಿಮ್ಮೆಲ್ಲರಿಗೂ ದೇವರು ಸಮಾಧಾನ ಕೊಡಲಿ’ ಎಂದು ಬದುಕಿರುವವರಿಗಾಗಿ ಕೇಳಿಕೊಂಡರೆ ಸಾಕು.

ಈಗ ಒಂದು ಪತ್ರ ಬರೆದು ನೋಡೋಣ. ಕಾಯಿಲೆಯಿಂದ ಅಪ್ಪ ತೀರಿಕೊಂಡ, ಪ್ರೊಟೆಸ್ಟೆಂಟ್ ಮನೆಯ ಗೆಳತಿಗೆ ಎಂದಿಟ್ಟುಕೊಳ್ಳಿ. ಹೆಸರು ಸುಮ್ನೆ ಕೊಟ್ಟದ್ದು.

‘ಪ್ರೀತಿಯ ಸುನೀತಾ,

ಅಂಕಲ್ ತೀರಿಕೊಂಡ ಸುದ್ದಿ ನಿನ್ನೆ ರಾತ್ರಿ ಗೊತ್ತಾಯಿತು. ಏನು ಬರೆಯಬೇಕೋ ತೋಚುತ್ತಿಲ್ಲ. ಕಾಲೇಜಿನಲ್ಲಿದ್ದಾಗ ನಾವು ತಡವಾಗಿ ಬಂದರೆ ಅವರು ಗೇಟಿನ ಹತ್ತಿರ ಟಾರ್ಚ್ ಹಿಡಿದು ನಿಂತಿರುತ್ತಿದ್ದರು. ಬೈಯುತ್ತಾರೆ ಅಂತ ನಾನು ಹೆದರಿದರೆ “ಊಟ ಆಯ್ತೇನಮ್ಮ?” ಅಂತಷ್ಟೇ ಕೇಳುತ್ತಿದ್ದರು.

ನಿಮ್ಮ ಮನೆಯ ಬೈಬಲಿನಲ್ಲಿರುವ ಎರಡು ಮಾತು ಬರೆಯುತ್ತಿದ್ದೇನೆ. “ನಾನು ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ಕೇಡಿಗೆ ಹೆದರೆನು, ನೀನು ಹತ್ತಿರವಿರುತ್ತೀಯಲ್ಲಾ” (ಕೀರ್ತನೆ 23:4). “ಮುರಿದ ಮನಸ್ಸುಳ್ಳವರಿಗೆ ಯೆಹೋವನು ನೆರವಾಗುತ್ತಾನೆ” (ಕೀರ್ತನೆ 34:18). ಧೈರ್ಯವಾಗಿರು ಅಂತ ನಾನು ಹೇಳಲ್ಲ. ಅಳು ಬಂದರೆ ಅತ್ತುಬಿಡು.

ಶನಿವಾರ ಮಧ್ಯಾಹ್ನ ಊಟ ತರುತ್ತೇನೆ. ಮಾತಾಡಲು ಆಗದಿದ್ದರೆ ಬೇಡ, ಡಬ್ಬಿ ಕೊಟ್ಟು ಹೋಗುತ್ತೇನೆ. ಆಂಟಿಗೆ ನನ್ನ ನಮಸ್ಕಾರ ಹೇಳು. ನಿಮ್ಮೆಲ್ಲರಿಗೂ ದೇವರು ಸಮಾಧಾನ ಕೊಡಲಿ.

ನಿನ್ನ,
ಲತಾ’

ಗಮನಿಸಿ: ತೀರಿಕೊಂಡವರ ನೆನಪು ವಚನಕ್ಕಿಂತ ಮೊದಲು ಬಂದಿದೆ. ಮೊದಲ ಸಾಲಿಗೇ ವಚನ ಹಾಕಿದರೆ ಅಂಗಡಿಯಲ್ಲಿ ಕೊಂಡ ಕಾರ್ಡಿನಂತೆ ಕಾಣುತ್ತದೆ. 34:18ರ ಮೊದಲ ಅರ್ಧವನ್ನು ಮಾತ್ರ ತೆಗೆದುಕೊಂಡಿದೆ. ಅದು ಪೂರ್ತಿ ಅರ್ಥ ಕೊಡುವ ವಾಕ್ಯ, ಹಾಗಾಗಿ ಮೋಸವಿಲ್ಲ. ವಚನವನ್ನು ವಿವರಿಸುವ ಗೋಜಿಗೂ ಲತಾ ಹೋಗಿಲ್ಲ. ಸುನೀತಾಗೆ ಅದು ಚಿಕ್ಕಂದಿನಿಂದ ಗೊತ್ತು, ಅಲ್ವಾ?

ಕೆಲವು ವಾರ ಬಿಟ್ಟು ಆಕೆ ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ ಇನ್ನೊಂದು ಚಿಕ್ಕ ಪತ್ರ ಬರೆಯಬಹುದು. ಆಗ 121:8 ನೋಡಿ. ನೀನು ಹೋಗುವಾಗಲೂ ಬರುವಾಗಲೂ ದೇವರು ಕಾಪಾಡುತ್ತಾನೆ ಎನ್ನುವ ವಚನ ಅದು. ಟಿಪ್ಪಣಿಯ ಸಂಖ್ಯೆಯ ತಲೆನೋವು ಇಲ್ಲಿಲ್ಲ, ಆದರೆ ಲ್ಯಾಟಿನ್ ಎಣಿಕೆಯಲ್ಲಿ ಇದೇ ಕೀರ್ತನೆ 120.